ಮಂಗಳೂರಿನ ಕಲ್ಲಚ್ಚು: ದಾಸರ ಪದ, ಭಾರತಗಳ ಪಾಠ ಬದಲಾಯಿತೇ?

ಕರಾವಳಿ ಓದುಗ: ಬಾಸೆಲ್ ಮಿಷನ್‌ನವರು ದಾಸರ ಪದ, ಕುಮಾರವ್ಯಾಸ ಭಾರತ, ಬಸವಪುರಾಣ ಎಲ್ಲವನ್ನೂ ಅಚ್ಚು ಹಾಕಿದರಲ್ಲ, ಆಗ ಪಾಠವನ್ನು ತಮಗೆ ಬೇಕಾದಂತೆ ತಿದ್ದಿದರೇ? ನಾವು ಇವತ್ತು ಓದುತ್ತಿರುವುದು ಅವರ ಪಾಠವೇ?

ಹಳೇಪೇಟೆ: ತಿದ್ದದೆ ಬಿಡ್ತಾರಾ? ಅವರು ಬಂದಿದ್ದೇ ಮತಾಂತರಕ್ಕೆ. ಕಿಟ್ಟೆಲ್ ದಾಸರ ಪದ ಅಚ್ಚು ಹಾಕಿಸಿದ್ದೂ ಅದಕ್ಕೇ. ಆದರೆ ಒಂದು ಮಾತು ಒಪ್ಪಬೇಕು, ಅಚ್ಚಾಗದಿದ್ದರೆ ಆ ಹಾಡುಗಳು ಅಷ್ಟೂ ಹೋಗಿಬಿಡ್ತಿದ್ದವು.

ಓಲೆಗರಿ: ಅದು ಕಿಟ್ಟೆಲ್ ಅಲ್ಲ, ಅದೇ ಮಿಷನ್ನಿನ ಪಾದ್ರಿ ಮೋಗ್ಲಿಂಗ್. ಕಿಟ್ಟೆಲ್ ಭಾರತಕ್ಕೆ ಬಂದಿದ್ದೇ 1853ರಲ್ಲಿ, ಮೋಗ್ಲಿಂಗ್‌ನ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಮುಗಿಯುತ್ತಾ ಬಂದ ವರ್ಷ. ಮಾಲೆ 1848ಕ್ಕೆ ಶುರುವಾಯಿತು, ದಾಸರ ಪದಗಳ ಸಂಪುಟ 1850ರದ್ದು. ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್.

‘ಹೋಗಿಬಿಡ್ತಿದ್ದವು’ ಅನ್ನುವುದೂ ಅರ್ಧ ಸತ್ಯ. ಭಜನೆಯಲ್ಲಿ, ದಾಸಕೂಟಗಳಲ್ಲಿ ಹಾಡು ಎಂದೂ ನಿಂತಿರಲಿಲ್ಲ. ಬಾಯಲ್ಲಿದ್ದ ಹಾಡಿಗೆ ನಾಲ್ಕಾರು ರೂಪಗಳಿದ್ದರೆ ಅಚ್ಚಿನಲ್ಲಿ ಬಂದದ್ದು ಒಂದು.

ತಿದ್ದಿದರೇ ಅನ್ನುವ ಪ್ರಶ್ನೆಗೆ ಉತ್ತರ ಬೇಕಾದರೆ ಪುಸ್ತಕ ಹೇಗೆ ತಯಾರಾಯಿತು ಅಂತ ಮೊದಲು ನೋಡಬೇಕು. ಆ ಮಾಲೆ ಕಲ್ಲಚ್ಚಿನದು. ಮಂಗಳೂರಲ್ಲಿ 1840ರ ದಶಕದಲ್ಲಿ ಇದ್ದದ್ದೇ ಕಲ್ಲಚ್ಚು. ಪ್ಲೆಬ್ಸ್ಟ್ ಎಂಬಾತ ಬಾಸೆಲ್‌ನಿಂದ ಕನ್ನಡ ಮೊಳೆಗಳನ್ನು, ಅಂದರೆ ಅಕ್ಷರ ಜೋಡಿಸುವ ಲೋಹದ ಅಚ್ಚುಗಳನ್ನು, ತಂದದ್ದು 1850ರ ದಶಕದ ಆರಂಭದಲ್ಲಿ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಟದ್ದು. ಮರುವರ್ಷ ಅದನ್ನು ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಿಸಿ ಬಳ್ಳಾರಿಗೆ ಸಾಗಿಸಿದರು, ಅಲ್ಲಿ ಮೊಳೆ ಇತ್ತು.

ಕಲ್ಲಚ್ಚಿನಲ್ಲಿ ಕನ್ನಡ ಬರೆದು ಪಳಗಿದ ಒಂದು ಕೈ ಜಿಡ್ಡಿನ ಮಸಿಯಿಂದ, ಅಂಟು ಬಳಿದ ಕಾಗದದ ಮೇಲೆ, ನಾವು ಬರೆಯುವಂತೆಯೇ ಎಡದಿಂದ ಬಲಕ್ಕೆ ಇಡೀ ಪುಟ ಬರೆಯುತ್ತದೆ. ಕಾಗದ ಒದ್ದೆ ಮಾಡಿ, ನಯ ಮಾಡಿದ ಸುಣ್ಣಗಲ್ಲಿನ ಮೇಲೆ ಕವುಚಿ ಒತ್ತಿದರೆ ಬರಹ ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತದೆ. ಮೇಲೆ ಗೋಂದಿನ ನೀರಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಬಳಿಯುತ್ತಾರೆ. ಆಮೇಲೆ ಬರಹವಿಲ್ಲದ ಜಾಗ ನೀರು ಹಿಡಿಯುತ್ತದೆ, ಬರಹ ಮಸಿ ಹಿಡಿಯುತ್ತದೆ. ಪ್ರತಿ ಹಾಳೆಗೂ ಮುಂಚೆ ಕಲ್ಲು ಒದ್ದೆ ಮಾಡಿ, ಮಸಿಯ ಉರುಳೆ ಓಡಿಸಿ, ಒತ್ತಬೇಕು.

ಕಲ್ಲಿಗೆ ಇಳಿದ ಮೇಲೆ ತಪ್ಪು ಕಂಡರೆ ಚಾಕುವಿನಲ್ಲಿ ಕೆರೆದು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಒಂದೆರಡು ಅಕ್ಷರಕ್ಕೆ ಆದೀತು, ಸಾಲಿಗಾಗದು. ಹಾಗಾಗಿ ಕಲ್ಲಚ್ಚಿನ ಪುಸ್ತಕದಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಬಹಳಷ್ಟು ಲಿಪಿಕಾರನ ಕಣ್ತಪ್ಪು, ಪಾದ್ರಿಯ ಸಂಚಲ್ಲ.

ಹಳೇಪೇಟೆ: ಸರಿ, ಮೋಗ್ಲಿಂಗ್. ಆದರೆ ಕಣ್ತಪ್ಪು ಯಾವುದು, ಬೇಕಂತಲೇ ಮಾಡಿದ್ದು ಯಾವುದು ಅಂತ ಹೇಗೆ ಹೇಳ್ತೀರಿ? ಎಲ್ಲಾ ಲಿಪಿಕಾರನ ತಲೆಗೆ ಕಟ್ಟಿದರೆ ಆಯ್ತಾ?

ಓಲೆಗರಿ: ಛಂದಸ್ಸಿರುವ ಕಡೆ ಹೇಳಬಹುದು. ಕುಮಾರವ್ಯಾಸನ ಮೊದಲ ಪದ್ಯದ ಅರ್ಧ ತಗೊಳ್ಳಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಭಾಮಿನಿ ಷಟ್ಪದಿ. ಮೊದಲೆರಡು ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಅಂತ 14 ಮಾತ್ರೆ. ಮೂರನೆಯದಕ್ಕೆ ಅದೇ ನಡೆಯಲ್ಲಿ 21, ಕೊನೆಗೆ ಒಂದು ಗುರು, ಒಟ್ಟು 23. ಎಲ್ಲ ಸಾಲಿನ ಎರಡನೇ ಅಕ್ಷರ ‘ವ’, ಅದು ಆದಿಪ್ರಾಸ.

ಓಲೆಗರಿಯಲ್ಲಿ ಪದಗಳ ನಡುವೆ ಜಾಗವಿಲ್ಲ, ಸಾಲು ಮುರಿಯುವುದು ಗರಿಯ ಅಗಲ ನೋಡಿ. ಹ್ರಸ್ವ ಎ, ಒ ಮತ್ತು ದೀರ್ಘ ಏ, ಓ ಬೇರೆ ಬೇರೆಯಾಗಿ ಬರೆಯುವ ಪದ್ಧತಿಯೂ ಬಹಳ ಪ್ರತಿಗಳಲ್ಲಿ ಇಲ್ಲ. ಈಗ ಯಾರಾದರೂ ಅದನ್ನು ‘ವನಿತೇಯರಸನೆ’ ಅಂತ ಬಿಡಿಸಿಕೊಂಡರೆ ಸಾಲು 15 ಮಾತ್ರೆಯಾಗಿ ತಕ್ಷಣ ಸಿಕ್ಕಿಬೀಳುತ್ತದೆ. ‘ರಾಜೀವ’ ಒಂದೇ ಪದ ಅಂತ ಮೊದಲ ಸಾಲಿಗೇ ಸೇರಿಸಿದರೆ ಆ ಸಾಲು 17 ಆಗುತ್ತದೆ, ಎರಡನೇ ಸಾಲು ‘ಪೀಠನ’ ಅಂತ ಶುರುವಾಗಿ ಪ್ರಾಸವೂ ಹೋಗುತ್ತದೆ. ಇಂಥ ತಪ್ಪು ಮಾಡಿದವನಿಗೆ ಛಂದಸ್ಸು ಕಿವಿಯಲ್ಲಿಲ್ಲ ಅಂತ ಅರ್ಥ, ಅಷ್ಟೇ.

ಸಿಗದೆ ಉಳಿಯುವುದು ಮಾತ್ರೆ ಸರಿಯಿದ್ದು, ಎರಡನೇ ಅಕ್ಷರವನ್ನು ಮುಟ್ಟದೆ ಪದವನ್ನೇ ಬದಲಿಸಿದ್ದು. ಅದಕ್ಕೆ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೊಂದೇ ದಾರಿ. ದಾಸರ ಪದಗಳಲ್ಲಂತೂ ಷಟ್ಪದಿಯಷ್ಟು ಬಿಗಿ ಇಲ್ಲ. ತಾಳಕ್ಕೆ ಹೊಂದುವಂತೆ ಹಾಡುವವರೇ ಎಳೆಯುತ್ತಾರೆ, ಮೊಟಕುಮಾಡುತ್ತಾರೆ. ಅಲ್ಲಿ ನಿಮ್ಮ ಅನುಮಾನ ತಳ್ಳಿಹಾಕುವಂಥದ್ದಲ್ಲ.

ಮೇಷ್ಟ್ರು ಚಿತ್ರದುರ್ಗ: ತಿದ್ದಿದ್ದಕ್ಕಿಂತ ಆರಿಸಿದ್ದನ್ನು ನೋಡಬೇಕು ಅನ್ನುತ್ತೇನೆ. ಮಡಿ, ಡಾಂಭಿಕತೆಗಳನ್ನು ಹಂಗಿಸುವ ಪದಗಳು ಪಾದ್ರಿಗಳಿಗೆ ಬಜಾರಿನ ವಾದಕ್ಕೆ ಕೈಗೆ ಬಂದ ಆಯುಧ. ದಾಸರೇ ಹೇಳಿದ್ದಾರಲ್ಲ ಅಂದರೆ ಎದುರಿನವನು ಏನು ಹೇಳಬೇಕು? ಒಂದು ಅಕ್ಷರ ತಿದ್ದದೆಯೂ ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದರಲ್ಲೇ ದಾಸರ ಚಿತ್ರ ಬದಲಾಗುತ್ತದೆ.

ನೋಡಬೇಕಾದ ಇನ್ನೊಂದು ಕಡೆ ಶಾಲೆ. ಕೂಲಿಮಠದಲ್ಲಿ ಹುಡುಗರು ಜೈಮಿನಿ ಭಾರತವನ್ನು ರಾಗವಾಗಿ ಬಾಯಿಪಾಠ ಮಾಡುತ್ತಿದ್ದರು, ಅರ್ಥ ಆಮೇಲೆ ಬಂದರೆ ಬಂತು. ಬೆಂಗಳೂರಿನ ವೆಸ್ಲಿಯನ್ ಮಿಷನ್‌ನ ಸ್ಯಾಂಡರ್ಸನ್ 1852ರಲ್ಲಿ ತಂದ ಜೈಮಿನಿಯಲ್ಲಿ ಪದ್ಯದ ಜೊತೆ ಇಂಗ್ಲಿಷ್ ಅನುವಾದ, ಟಿಪ್ಪಣಿ. ಅಲ್ಲಿಗೆ ಅದು ಅರ್ಥ ಬರೆಯುವ ಪಠ್ಯ. ಅದೇ ಮಿಷನ್‌ನ ಗ್ಯಾರೆಟ್ 1840ರ ದಶಕದಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಸೇರಿಸಿ ಭಗವದ್ಗೀತೆ ಅಚ್ಚು ಹಾಕಿಸಿದ. ಮುಂದೆ ಆತನೇ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥನಾದ. ಮಿಷನ್ ಪ್ರೆಸ್ಸಿನ ಅಭ್ಯಾಸಗಳು ಸರ್ಕಾರಿ ಪಠ್ಯಪುಸ್ತಕಕ್ಕೆ ಹೇಗೆ ಬಂದವು ಅಂತ ಕೇಳಿದರೆ ಇದೂ ಒಂದು ದಾರಿ.

ಕಲ್ಯಾಣದ ಕಡೆಯವ: ಅಲ್ರೀ, ಬಸವಪುರಾಣ, ಚೆನ್ನಬಸವ ಪುರಾಣ ಛಾಪಿಸಿದವರು ವಚನ ಯಾಕ ಬಿಟ್ಟರು? ಜಾತಿ, ಗುಡಿ, ಯಜ್ಞ ಎಲ್ಲಾ ಬೈದದ್ದು ವಚನದಾಗ ಐತಿ. ಮೇಷ್ಟ್ರು ಹೇಳಿದಂಗ ಆಯುಧ ಬೇಕಿದ್ರ ಅದಕ್ಕಿಂತ ಚಲೋದು ಯಾವುದಿತ್ತು? ವಚನ ದೊಡ್ಡ ಪ್ರಮಾಣದಾಗ ಮಂದಿಗೆ ಸಿಗಾಕ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ಕ್ಕ ಬರೋ ತನಕ ಕಾಯಬೇಕಾತು ನೋಡ್ರಿ.

ಓಲೆಗರಿ: ಒಳ್ಳೆ ಪ್ರಶ್ನೆ, ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಕಾರಣ ಊಹಿಸಬಹುದು. ಮೋಗ್ಲಿಂಗ್, ಆತನ ಜೊತೆಗಿದ್ದ ವೈಗ್ಲೆ ಇಬ್ಬರೂ ಹುಡುಕಿದ್ದು ‘ಕಾವ್ಯ’ವನ್ನು. ಷಟ್ಪದಿಯ ಪುರಾಣ ಕಣ್ಣಿಗೆ ಬಿತ್ತು, ಗದ್ಯದಂತೆ ಕಾಣುವ ವಚನ ಬೀಳಲಿಲ್ಲ. ವಚನದ ಕಟ್ಟುಗಳು ಮಠ, ಮನೆಗಳ ಪೂಜೆಯಲ್ಲೂ ಇದ್ದವು, ಕೇಳಿದ ಕೂಡಲೇ ಕೊಡುವಂಥವಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಕಿಟ್ಟೆಲ್ ಸಹ 1870ರ ದಶಕದಲ್ಲಿ ಲಿಂಗಾಯತರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ಪುರಾಣದ ಪವಾಡಕಥೆಗಳನ್ನೇ ಎತ್ತಿಕೊಂಡ.

ಕಲ್ಯಾಣದ ಕಡೆಯವ: ಪೂಜಾದಾಗ ಇದ್ದದ್ದು ಖರೇ. ಆದ್ರ ಪುರಾಣದ ಕಟ್ಟೂ ಪೂಜಾದಾಗ ಇರ್ತಾವಲ್ಲ, ಅವು ಹ್ಯಾಂಗ ಸಿಕ್ಕವು? ನಾ ಒಪ್ಪಂಗಿಲ್ಲ.

ಅಟ್ಟದ ಪೆಟ್ಟಿಗೆ: ನಡುವೆ ಕೇಳ್ತಾ ಇದ್ದೀನಿ, ಬೇಜಾರಾಗಬೇಡಿ. ನಮ್ಮ ಮನೇಲಿ ರಟ್ಟಿಲ್ಲದ ಒಂದು ಹಳೇ ಜೈಮಿನಿ ಇದೆ. ಮೊದಲ ಹಾಳೆಗಳೂ ಹೋಗಿವೆ. ಅದು ಬಾಸೆಲ್ ಮಿಷನ್‌ದೇ ಇರಬಹುದಾ? ಎಷ್ಟು ಬೆಲೆ ಬರುತ್ತೆ?

ಓಲೆಗರಿ: ಬೆಲೆ ಗೊತ್ತಿಲ್ಲ. ಕಲ್ಲಚ್ಚೋ ಮೊಳೆಯಚ್ಚೋ ಅಂತ ನೀವೇ ನೋಡಬಹುದು. ಒಂದೇ ಪುಟದಲ್ಲಿ ಹತ್ತು ‘ನೆ’ ಹುಡುಕಿ, ಭೂತಗನ್ನಡಿಯಲ್ಲಿ ಹೋಲಿಸಿ. ಮೊಳೆಯದಾದರೆ ಹತ್ತೂ ಒಂದೇ ಅಚ್ಚು, ಸವೆದ ಮೊಳೆ ಇದ್ದರೆ ಅದೇ ಮುರುಕು ಬೇರೆ ಪುಟಗಳಲ್ಲಿ ಮರಳಿ ಬರುತ್ತದೆ. ಕಲ್ಲಚ್ಚಾದರೆ ಹತ್ತೂ ಸ್ವಲ್ಪ ಸ್ವಲ್ಪ ಬೇರೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರ ಇಕ್ಕಟ್ಟಾಗಿರುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿದ್ದರೂ ಆಶ್ಚರ್ಯವಿಲ್ಲ. ಹಾಳೆಯ ಹಿಂಬದಿ ಬೆರಳಾಡಿಸಿ: ಮೊಳೆ ಒತ್ತಿದ ತಗ್ಗು ಉಬ್ಬಾಗಿ ತಾಗುತ್ತದೆ, ಕಲ್ಲಚ್ಚಿನಲ್ಲಿ ನುಣುಪು. ‘ಧ’, ‘ಭ’ಗಳ ಸೀಳನ್ನೂ ನೋಡಿ. ಬಿಸಿಲಿಗೆ ಕಲ್ಲು ಬೇಗ ಒಣಗಿದರೆ ಬೇಡದ ಕಡೆಯೂ ಮಸಿ ಹತ್ತುತ್ತದೆ, ಗೆರೆ ದಪ್ಪವಾಗಿ ಸೀಳು ಮುಚ್ಚಿ ‘ಧ’ ಹೋಗಿ ‘ದ’ ಆಗುತ್ತದೆ.

ಆದರೆ ಕಲ್ಲಚ್ಚು ಅಂದ ಮಾತ್ರಕ್ಕೆ ಬಾಸೆಲ್ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲೂ ಕಲ್ಲಚ್ಚು ಇತ್ತು.

ಕರಾವಳಿ ಓದುಗ: ನನ್ನ ಎರಡನೇ ಪ್ರಶ್ನೆ ಉಳಿಯಿತು. ಇವತ್ತಿನ ಪಾಠ ಅವರದೇ?

ಓಲೆಗರಿ: ಕಲ್ಲಚ್ಚಿನ ಕಾಲದ್ದು ಅಲ್ಲ ಅನ್ನಬಹುದು. ಒಂದು ಪುಸ್ತಕ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಬೇರೆ ಪುಟಕ್ಕೆ ಬಳಸುತ್ತಾರೆ. ಮರುಮುದ್ರಣ ಬೇಕೆಂದರೆ ಇಡೀ ಪುಸ್ತಕ ಮತ್ತೆ ಕೈಯಲ್ಲಿ ಬರೆಯಬೇಕು, ಹೊಸ ತಪ್ಪು ಸೇರುತ್ತದೆ. ಎರಡು ಕಲ್ಲಚ್ಚಿನ ಮುದ್ರಣಗಳು ಎರಡು ಓಲೆಪ್ರತಿಗಳಷ್ಟೇ ಬೇರೆಯಾಗಿರಬಲ್ಲವು.

ಪಾಠ ಗಟ್ಟಿಯಾದದ್ದು ಮೊಳೆ ಬಂದ ಮೇಲೆ. ಮೊಳೆಯಲ್ಲಿ ಕರಡಚ್ಚು ತೆಗೆದು, ತಪ್ಪಿದ ಅಕ್ಷರವನ್ನಷ್ಟೇ ಕಿತ್ತು ಬದಲಿಸಬಹುದು. ಅದಕ್ಕೇ ಕಿಟ್ಟೆಲ್‌ನ 1872ರ ‘ಶಬ್ದಮಣಿದರ್ಪಣ’ದಂಥ, ಹಲವು ಪ್ರತಿಗಳನ್ನು ಹೋಲಿಸಿದ ಮುದ್ರಣ ಸಾಧ್ಯವಾಯಿತು. ಅದೇ ಮೊಳೆಯಿಂದ ಇನ್ನೊಂದೂ ಆಯಿತು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕು. ಇಡೀ ಪುಸ್ತಕ ಜೋಡಿಸಿಡುವಷ್ಟು ಮೊಳೆ ಯಾವ ಪ್ರೆಸ್ಸಿಗೂ ಇಲ್ಲ, ಕೆಲವೇ ಪುಟ ಒತ್ತಿ, ಮೊಳೆ ಬಿಚ್ಚಿ, ಮುಂದಿನದು ಜೋಡಿಸಬೇಕು. ಹಾಗೆ ಮತ್ತೆ ಜೋಡಿಸುವಾಗ ಮೊಳೆಗಾರನ ಮುಂದೆ ಇರುವುದು ಓಲೆಗರಿಯಲ್ಲ, ಹಳೆಯ ಅಚ್ಚಿನ ಪುಸ್ತಕ. ಅದರಲ್ಲಿ ತಪ್ಪಿದ್ದರೆ ಅದೂ ಅಚ್ಚುಕಟ್ಟಾಗಿ ಮುಂದೆ ಹೋಗುತ್ತದೆ. ಊರಿನ ಖಾಸಗಿ ಪ್ರೆಸ್ಸುಗಳು ಮಾಡಿದ್ದೂ ಇದನ್ನೇ.

ಮೇಷ್ಟ್ರು ಚಿತ್ರದುರ್ಗ: ದಾಸರ ಪದಕ್ಕೆ ಅದು ಹೊಂದುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಉಡುಪಿಯ ಪಾವಂಜೆ ಗುರುರಾಯರು ಪ್ರಕಟಿಸಿದ್ದು ಮಾಧ್ವ ಸಂಪ್ರದಾಯದೊಳಗಿನಿಂದ. ನಾವು ಹಾಡುವ ಪಾಠದಲ್ಲಿ ಉಡುಪಿಯ ಪಾಲು ಮಂಗಳೂರಿಗಿಂತ ಹೆಚ್ಚು.

ಓಲೆಗರಿ: ಇರಬಹುದು. ಒಂದೇ ಪದವನ್ನು 1850ರದ್ದರಲ್ಲೂ ಉಡುಪಿಯದರಲ್ಲೂ ಚರಣ ಚರಣವಾಗಿ ಎದುರಿಟ್ಟು ನೋಡದೆ ನಾನೂ ನೀವೂ ಪಾಲು ಹಂಚುವಂತಿಲ್ಲ. ಚರಣದ ಸಂಖ್ಯೆ, ಅನುಕ್ರಮ, ಅಂಕಿತ, ಈ ಮೂರನ್ನು ಮೊದಲು ಗುರುತು ಹಾಕಿಕೊಳ್ಳಿ. ಬೇರೆಯವರ ಪದಕ್ಕೆ ಪುರಂದರವಿಠಲ ಅಂಕಿತ ಅಂಟಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಳೇಪೇಟೆ: ಎರಡೂ ಸ್ಕ್ಯಾನ್ ಸಿಕ್ಕರೆ ಇಲ್ಲೇ ಹಾಕಿ. ಹತ್ತು ಪದ ನಾನು ನೋಡ್ತೀನಿ. ಪಾದ್ರಿಯ ಕೈ ಕಂಡರೆ ಮಾತ್ರ ಸುಮ್ಮನಿರೋಲ್ಲ.