ತುಳು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ಟಿವಿಯಲ್ಲಿ ಒತ್ತಕ್ಷರ ಮಾಯ, ಎಡಿಟರ್‌ನಲ್ಲಿ ಎಲ್ಲಾ ಕೆಂಪು

ಕಡಲತಡಿ:
ಮಲ್ಪೆಯ ಒಬ್ಬ ಹಿರಿಯ ಮೀನುಗಾರರ ಬಗ್ಗೆ 14 ನಿಮಿಷದ ಚಿತ್ರ ಮಾಡಿದ್ದೇನೆ. ಮಾತೆಲ್ಲ ತುಳು, ಸಬ್‌ಟೈಟಲ್ ಕನ್ನಡ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇತ್ತು. ಊರಿನ ಸಭಾಭವನದ ಟಿವಿಗೆ ಹಾಕಿದಾಗ ಕೆಳಸಾಲಿನ ಒತ್ತಕ್ಷರಗಳೆಲ್ಲ ಕತ್ತರಿಸಿಹೋದವು. "ಅಪ್ಪ" ಎಂಬುದು "ಅಪ" ಆಯಿತು, ಮುಂದಿನ ಸಾಲಿನ ಹುಡುಗರು ನಕ್ಕರು. ಮನೆಗೆ ಬಂದು 1080ರ 5 ಶೇಕಡಾ ಲೆಕ್ಕ ಹಾಕಿ ಅಂಚು 54 ಕೊಟ್ಟೆ. ಈಗ ಅಕ್ಷರ ಅಜ್ಜನ ಗಡ್ಡದ ಮೇಲೆಯೇ ಕೂತಿದೆ!

```
ffmpeg -i kadalu.mp4 -vf "subtitles=kadalu.srt:force_style='FontName=Noto Sans Kannada,FontSize=22,MarginV=54'" -c:a copy out.mp4
```

ಇನ್ನೊಂದು ತಲೆನೋವು. ಎಡಿಟರ್‌ನಲ್ಲಿ ಸೆಕೆಂಡಿಗೆ 25 ಅಕ್ಷರ ಮೀರಿದರೆ ಕೆಂಪಾಗುವಂತೆ ಇಟ್ಟಿದ್ದೇನೆ. ಅರ್ಧಕ್ಕರ್ಧ ಸಾಲು ಕೆಂಪು. ಉದಾಹರಣೆಗೆ ಇದು, ಪರದೆಯ ಮೇಲೆ 3 ಸೆಕೆಂಡು ಇರುತ್ತದೆ:

ಮಳೆಗಾಲದಲ್ಲಿ ನಮ್ಮ ದೋಣಿ ಕಡಲಿಗೆ ಇಳಿಯುತ್ತಿರಲಿಲ್ಲ,
ಅಪ್ಪ ಬಲೆ ಹೆಣೆಯುತ್ತಾ ಮನೆಯಲ್ಲೇ ಕೂರುತ್ತಿದ್ದರು

ಬೆಣ್ಣೆದೋಸೆ:
ಕೆಂಪಿಗೆ ಹೆದರಬೇಡಿ. ಅದು ಇಂಗ್ಲಿಷಿನವರ ಲೆಕ್ಕ. "ಲ್ಲಿ" ನಮಗೆ ಒಂದೇ ಅಕ್ಷರ, ಆ ತಂತ್ರಾಂಶಕ್ಕೆ ನಾಲ್ಕು: ಲ, ಹಲಂತ ಚಿಹ್ನೆ, ಮತ್ತೊಂದು ಲ, ಗುಡಿಸು. ನಿಮ್ಮ ಸಾಲಿನಲ್ಲಿ ನಿಜವಾಗಿ ಇರುವುದು 38 ಅಕ್ಷರ. ಸೆಕೆಂಡಿಗೆ 13 ಕೂಡ ಆಗಲ್ಲ. ಆ ಎಚ್ಚರಿಕೆಯನ್ನೇ ಆಫ್ ಮಾಡಿ ಹಾಯಾಗಿರಿ.

ಹುಬ್ಬಳ್ಳಿ ಮಂದಿ:
ನಂದೂ ಇದ ಕಥಿ ಐತ್ರಿ. ಪೆನ್‌ಡ್ರೈವ್‌ದಾಗ ಎಸ್‌ಆರ್‌ಟಿ ಫೈಲ್ ಹಾಕಿ ಟಿವಿಗೆ ಚುಚ್ಚಿದ್ರ ಒತ್ತು ಕೆಳಗ ಬರೂದ ಇಲ್ರಿ, "ಅಪ್‌ಪ" ಅಂತ ಬಿಡಿಬಿಡಿಯಾಗಿ ಬರ್ತೈತಿ. ಫಾಂಟ್ ಬದಲಿ ಮಾಡಿದೆ, ಏನೂ ಆಗಲಿಲ್ಲ.

ಟೈಮ್‌ಕೋಡ್ ಮಾವ:
ಹುಬ್ಬಳ್ಳಿಯವರೇ, ನಿಮ್ಮದು ಬೇರೆ ರೋಗ. ನಿಮ್ಮ ಟಿವಿಯ ಪ್ಲೇಯರ್‌ಗೆ ಅಕ್ಷರ ಜೋಡಿಸಲು ಬರುವುದಿಲ್ಲ. ನೀವು ಕಂಪ್ಯೂಟರಿನಲ್ಲಿ ಫಾಂಟ್ ಬದಲಿಸಿದರೆ ಟಿವಿಗೆ ಅದರ ಗಾಳಿಯೂ ತಾಗದು. ಅಕ್ಷರವನ್ನು ಚಿತ್ರದೊಳಗೇ ಅಚ್ಚೊತ್ತಿ ಕೊಡಿ, ಬೇರೆ ದಾರಿ ನನಗೆ ಕಂಡಿಲ್ಲ.

ಕಡಲತಡಿ, ನಿಮ್ಮ ಶೇಕಡಾವಾರು ಸರಿ, ಅಳತೆಗೋಲು ತಪ್ಪು. ffmpeg ಎಸ್‌ಆರ್‌ಟಿ ಓದುವಾಗ ಒಳಗೊಳಗೇ ಅದನ್ನು ಎಎಸ್‌ಎಸ್‌ಗೆ ತಿರುಗಿಸುತ್ತದೆ. ಆಗ ಪರದೆಯನ್ನು 384 × 288 ಎಂದು ಹಿಡಿಯುತ್ತದೆ, ನಿಮ್ಮ ವಿಡಿಯೊ ಎಷ್ಟೇ ದೊಡ್ಡದಿರಲಿ. 288ರಲ್ಲಿ 54 ಎಂದರೆ 1080ರಲ್ಲಿ 202 ಪಿಕ್ಸೆಲ್. ಗಡ್ಡಕ್ಕೆ ತಾಗದೆ ಏನು? ಏನೂ ಹೇಳದಿದ್ದರೆ ಅದು 10 ಇಟ್ಟುಕೊಳ್ಳುತ್ತದೆ, ಅಂದರೆ ಸುಮಾರು 37 ಪಿಕ್ಸೆಲ್, ಮೂರೂವರೆ ಶೇಕಡಾ. ಸಭಾಭವನದ ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ತಿಂದಿದೆ. ಕನ್ನಡದಲ್ಲಿ ಮೊದಲು ಬಲಿಯಾಗುವುದು ಒತ್ತೇ, ಸಾಲಿನ ತಳದಲ್ಲಿ ತೂಗಾಡುವುದು ಅದೇ ತಾನೆ.

ಈಗಿನ ಅಗಲ ಪರದೆಗೆ ಬರಹವನ್ನು ಪ್ರತಿ ಅಂಚಿನಿಂದ 5 ಶೇಕಡಾ ಒಳಗಿಡಬೇಕು ಎಂಬುದು ಪ್ರಸಾರದವರ ರೂಢಿ. 288ಕ್ಕೆ ಅದು 14. ನಾನು ಕನ್ನಡಕ್ಕೆ 18 ಇಡುತ್ತೇನೆ. `MarginV=18` ಕೊಟ್ಟು "ರಾಷ್ಟ್ರ" ಅಥವಾ "ಶಾಸ್ತ್ರ" ಇರುವ ಒಂದು ಸಾಲು ಸೇರಿಸಿ ಅದೇ ಟಿವಿಯಲ್ಲಿ ನೋಡಿ. ಎರಡಂತಸ್ತಿನ ಒತ್ತು ಪೂರ್ತಿ ಕಂಡರೆ ಮಿಕ್ಕದ್ದೆಲ್ಲ ಕಾಣುತ್ತದೆ. ಅಂದಹಾಗೆ `FontSize` ಕೂಡ ಅದೇ 288ರ ಲೆಕ್ಕ.

ಇನ್ನು ಬೆಣ್ಣೆದೋಸೆಯವರ ಮಾತು ಅರ್ಧ ನಿಜ. ತಂತ್ರಾಂಶ ಹೆಚ್ಚು ಎಣಿಸುತ್ತದೆ, ಒಪ್ಪಿದೆ. ಆದರೆ "ತ್ತಿ" ಓದಲು "ತ"ದಷ್ಟೇ ಹೊತ್ತು ಸಾಕೇ? "ಇಳಿಯುತ್ತಿರಲಿಲ್ಲ" ಏಳೇ ಅಕ್ಷರ, ಆದರೆ ಕೊನೆಯ "ಲ್ಲ" ಕಾಣುವವರೆಗೆ ದೋಣಿ ಇಳಿಯಿತೋ ಇಲ್ಲವೋ ಗೊತ್ತಾಗದು. ಹಾಗಾಗಿ ಕೆಂಪನ್ನು ಆರಿಸಬೇಡಿ, ಅದು ತೋರಿಸಿದ ಸಾಲನ್ನು ಒಮ್ಮೆ ಓದಿ. ನಿಮ್ಮದು ತಂತ್ರಾಂಶದ ಲೆಕ್ಕದಲ್ಲಿ 87, ಅಂದರೆ ಸೆಕೆಂಡಿಗೆ 29. ಇಳಿಸಿ ನೋಡಿ:

ಮಳೆಗಾಲದಲ್ಲಿ ದೋಣಿ ಇಳಿಯುತ್ತಿರಲಿಲ್ಲ,
ಅಪ್ಪ ಮನೆಯಲ್ಲೇ ಬಲೆ ಹೆಣೆಯುತ್ತಿದ್ದರು

66 ಆಯಿತು, ಸೆಕೆಂಡಿಗೆ 22. ಕಡಲು ಹಿಂದೆ ಕಾಣುತ್ತಲೇ ಇದೆ, ಬಾಯಲ್ಲೂ ಹೇಳಬೇಕಿಲ್ಲ. "ಹೆಣೆಯುತ್ತಾ ಕೂರುತ್ತಿದ್ದರು" ಎರಡು ಕ್ರಿಯಾಪದ, ಒಂದೇ ಕೆಲಸ. ಅಜ್ಜ ಮಾತು ಮುಗಿಸಿ ಸ್ವಲ್ಪ ಸುಮ್ಮನಿದ್ದರೆ ಸಾಲನ್ನು ಅರ್ಧ ಸೆಕೆಂಡು ಹೆಚ್ಚು ನಿಲ್ಲಿಸಿ, 19ಕ್ಕೆ ಇಳಿಯುತ್ತದೆ.

ಕಡಲತಡಿ:
ಮಾವ, 18ಕ್ಕೆ ಸರಿಯಾಗಿ ಕೂತಿತು! 288ರ ವಿಷಯ ಗೊತ್ತೇ ಇರಲಿಲ್ಲ. ಆದರೆ "ಕೂರುತ್ತಿದ್ದರು" ತೆಗೆಯಲು ಮನಸ್ಸಿಲ್ಲ, ಅಜ್ಜ ಆ ಪದವನ್ನು ಒತ್ತಿ ಹೇಳುತ್ತಾರೆ.

ಸಾಲುಮನೆ:
ಹಾಗಾದರೆ "ಬಲೆ ಹೆಣೆಯುತ್ತಾ" ಬಿಡಿ, ಕೈಯಲ್ಲಿ ಬಲೆ ಕಾಣುತ್ತದಲ್ಲ. ನಾನು ನಿಮ್ಮ ಟ್ರೇಲರ್ ನೋಡಿದೆ, ನನಗೆ ತುಳು ಬರುವುದಿಲ್ಲ. ವೇಗಕ್ಕಿಂತ ನನ್ನನ್ನು ಎಡವಿಸಿದ್ದು ಸಾಲು ಮುರಿದ ಜಾಗ:

ಅಣ್ಣ ಆ ರಾತ್ರಿ ದಡಕ್ಕೆ ತಂದ
ದೋಣಿ ಇದೇ

ಮೇಲಿನ ಸಾಲು ಓದಿದಾಗ ವಾಕ್ಯ ಮುಗಿದಂತಾಯಿತು. ಅಣ್ಣ ತಂದ, ಸರಿ, ಏನನ್ನು ತಂದ? ಕೆಳಗೆ ಬಂದ ಮೇಲೆ ತಿಳಿಯಿತು, "ತಂದ" ಅಲ್ಲಿ ದೋಣಿಗೆ ಅಂಟಿಕೊಂಡ ಪದ ಅಂತ. ಬಂದ, ಹೋದ, ಕೊಟ್ಟ ಎಲ್ಲಕ್ಕೂ ಈ ಎರಡು ಮುಖ ಇದೆ. "ಅಣ್ಣ ಆ ರಾತ್ರಿ" ಮೇಲೆ ಬಿಟ್ಟು "ದಡಕ್ಕೆ ತಂದ ದೋಣಿ ಇದೇ" ಕೆಳಗಿಡಿ. ಸಾಲುಗಳು ಸಮ ಇಲ್ಲದಿದ್ದರೂ ಪರವಾಗಿಲ್ಲ. ತಂತ್ರಾಂಶದ ತಾನಾಗಿ ಮುರಿಯುವ ಗುಂಡಿ ಅಗಲ ನೋಡುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ.

ಇನ್ನೊಂದು, "ಬೋಟ್ನಲ್ಲಿ", "ಜಿಪಿಎಸ್ನಲ್ಲಿ" ಅಂತೆಲ್ಲ ಬಂದಿದೆ. ಅದು ನೀವೇ ಬರೆದದ್ದಾ?

ಕಡಲತಡಿ:
ಇಲ್ಲ ಮೇಡಂ! ನಾನು ಬರೆದದ್ದು "ಬೋಟ್‌ನಲ್ಲಿ". ಒತ್ತು ಹೇಗೆ ಬಂತೋ ಗೊತ್ತಿಲ್ಲ.

ಟೈಮ್‌ಕೋಡ್ ಮಾವ:
ಯಾವುದೋ ಹಂತದಲ್ಲಿ "ಕಾಣದ ಅಕ್ಷರ ತೆಗೆ" ಎಂಬ ಶುಚಿ ಮಾಡುವ ಆಯ್ಕೆ ಒತ್ತಿದ್ದೀರಿ. ಟ್ ಮತ್ತು ನ ನಡುವೆ `U+200C` ಇರುತ್ತದೆ, ಎರಡೂ ಕೂಡಿಕೊಳ್ಳದಂತೆ ತಡೆಯುವುದು ಅದೇ. ಹೋದರೆ ನ ಒತ್ತಾಗಿಬಿಡುತ್ತದೆ. "ರ‍್ಯಾಂಕ್" ಎಂಬಲ್ಲಿ `U+200D` ಹೋದರೆ "ರ್ಯಾಂಕ್" ಆಗುತ್ತದೆ. ಹಳೆಯ ಪ್ರತಿ ಇದ್ದರೆ ಅಲ್ಲಿಂದ ಶುರುಮಾಡಿ. ಇಲ್ಲದಿದ್ದರೆ ಕೈಯಿಂದಲೇ ತಿದ್ದಬೇಕು, ಏಕೆಂದರೆ "ಪ್ರಶ್ನೆ"ಯ ನಿಜವಾದ ಒತ್ತು ಯಾವುದು, "ಬೋಟ್ನಲ್ಲಿ"ಯ ಸುಳ್ಳು ಒತ್ತು ಯಾವುದು ಎಂದು ಹುಡುಕಿ-ಬದಲಿಸುವ ಆಜ್ಞೆಗೆ ತಿಳಿಯದು.

ಸಾಲುಮನೆ:
ನಾನಾದರೆ ಆ ಗೋಜಿಗೇ ಹೋಗಲ್ಲ. ಬೋಟಿನಲ್ಲಿ, ಬಸ್ಸಿನಲ್ಲಿ, ಆಫೀಸಿಗೆ. ಬಾಯಲ್ಲಿ ಬರುವುದೂ ಹಾಗೇ, ಯಾವ ಕಾಣದ ಅಕ್ಷರವೂ ಬೇಕಿಲ್ಲ. ಜಿಪಿಎಸ್ ಮಾತ್ರ ಹಾಗೆ ಒಗ್ಗದು.

ಬೆಣ್ಣೆದೋಸೆ:
ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಮೂರೇ ಅಕ್ಷರ, ಕಣ್ಣಿಗೆ ಥಟ್ಟನೆ ಸಿಗುತ್ತದೆ.

ಟೈಮ್‌ಕೋಡ್ ಮಾವ:
ಸಿಗುತ್ತದೆ, ಆದರೆ ಆ ಮೂರು ಅಕ್ಷರ ಬೇರೆ ಫಾಂಟಿನಿಂದ ಬಂದರೆ ಸಾಲಿನ ಮಧ್ಯೆ ದಪ್ಪಗೆ ಎದ್ದು ನಿಲ್ಲುತ್ತದೆ. ಮೇಲಾಗಿ ಮಲ್ಪೆಯ ಹಿರಿಯರು ನೋಡುವ ಚಿತ್ರ. ನನ್ನ ಓಟು ಕನ್ನಡ ಲಿಪಿಗೆ.

ಬೆಣ್ಣೆದೋಸೆ:
ಮಲ್ಪೆಯ ಹಿರಿಯರಿಗೆ ಸಬ್‌ಟೈಟಲ್ಲೇ ಬೇಡವಲ್ಲ ಮಾವ, ಅವರಿಗೆ ತುಳು ಬರುತ್ತೆ!

ಕಡಲತಡಿ:
😄 ಎಲ್ಲ "ಬೋಟಿನಲ್ಲಿ" ಮಾಡಿದೆ. ಜಿಪಿಎಸ್ ಬಂದ ಎರಡು ಕಡೆ "ಜಿಪಿಎಸ್ ನೋಡಿ" ಎಂದು ವಾಕ್ಯವನ್ನೇ ತಿರುಗಿಸಿದೆ, ಪ್ರತ್ಯಯದ ಕಾಟ ತಪ್ಪಿತು. ತುಳು ಬಾರದ ಅಕ್ಕನ ಗಂಡನಿಗೆ ಧ್ವನಿ ಬಂದ್ ಮಾಡಿ ತೋರಿಸಿದೆ. 22 ಇದ್ದ ಸಾಲುಗಳನ್ನು ಸಲೀಸಾಗಿ ಓದಿದರು. ಅಜ್ಜ ಬಲೆಯ ಕಣ್ಣಿಗೆ ನೂಲು ತೂರಿಸುವ ದೃಶ್ಯದಲ್ಲಿ ಮಾತ್ರ 17 ಇದ್ದರೂ ಎರಡು ಸಾಲು ತಪ್ಪಿಸಿಕೊಂಡರು. ಕೈ ನೋಡುತ್ತಿದ್ದೆ, ಅಕ್ಷರ ನೋಡಲಿಲ್ಲ ಅಂದರು. ಆ ಎರಡು ಸಾಲನ್ನು ಹಿಂದಿನ ಶಾಟಿಗೆ ತಳ್ಳಬಹುದೇ, ಅಥವಾ ಮಾತಿಗಿಂತ ಮೊದಲೇ ಬಂದರೆ ವಿಚಿತ್ರ ಅನಿಸುತ್ತದೆಯೇ?

ಸಾಲುಮನೆ:
ಅರ್ಧ ಸೆಕೆಂಡಿಗಿಂತ ಮುಂಚೆ ತರಬೇಡಿ. ನಾನಾಗಿದ್ದರೆ ಎರಡರಲ್ಲಿ ಒಂದನ್ನು ಅಳಿಸುತ್ತಿದ್ದೆ.

ಟೈಮ್‌ಕೋಡ್ ಮಾವ:
ಅಳಿಸಬೇಡಿ. ಶಾಟನ್ನು ಎರಡು ಸೆಕೆಂಡು ಉದ್ದ ಮಾಡಲು ಫೂಟೇಜ್ ಇದೆಯಾ ನೋಡಿ ಮೊದಲು.