ಜಾಯಿಕಾಯಿ ಹೆಚ್ಚಾಗಿ ತಿಂದವರ ಅನುಭವ ಇದೆಯಾ?

ಕೇಳಿದವರು: ಹಾಸನದ ಮಗಳು
ಅಪ್ಪ ರಾತ್ರಿ ನಿದ್ದೆಗೆ ಅಂತ ಜಾಯಿಕಾಯಿ ಪುಡಿ ಎರಡು ಚಮಚ ಹಾಲಲ್ಲಿ ಕುಡಿದ್ರು. ಬೆಳಗಿನ ಜಾವ ಎದೆ ಹೊಡ್ಕೊಳ್ತಿದೆ ಅಂದ್ರು. ಬಾಯಿ ಒಣಗಿದೆ, ಇಲ್ಲದವರ ಜೊತೆ ಮಾತಾಡ್ತಿದ್ದಾರೆ. ಆಸ್ಪತ್ರೆಯಲ್ಲಿ ಇನ್ನೊಂದು ರಾತ್ರಿ ಇರಿ ಅಂತಾರೆ. ಬಿಪಿ ಮಾತ್ರೆ ತಗೊಳ್ತಾರೆ. ಮನೆಗೆ ಕರ್ಕೊಂಡು ಹೋಗಬಹುದಾ? ಅನುಭವ ಇದ್ದವರು ಹೇಳಿ.

ಕೆಂಗೇರಿ ತಂದೆ
ಇರಿ ಅಂದ್ರೆ ಇರಿ, ಆದ್ರೆ ಬಿಲ್ ಸಾಲು ಸಾಲಾಗಿ ಓದಿ. ನನ್ನ ಮಗ ಪಿಜಿಯಲ್ಲಿ ಗೆಳೆಯರ ಪಂದ್ಯಕ್ಕೆ ಬಿದ್ದು ತಿಂದಿದ್ದ. ತಿಂದದ್ದು ಸಂಜೆ, ರಾತ್ರಿ ಊಟದವರೆಗೂ ಏನೂ ಇಲ್ಲ. ಸುಳ್ಳು ಅಂತ ನಕ್ಕು ಮತ್ತೊಂದಿಷ್ಟು ಬಾಯಿಗೆ ಹಾಕ್ಕೊಂಡಿದ್ದಾನೆ. ಮಧ್ಯರಾತ್ರಿ ಮುಖ ಕೆಂಪಗಾಗಿ, ಸಾಯ್ತೀನಿ ಸಾಯ್ತೀನಿ ಅಂತ ಕೂಗಾಟ. ಎಮರ್ಜೆನ್ಸಿಯಲ್ಲಿ ಯಾರಿಗೂ ಜಾಯಿಕಾಯಿ ಅನ್ನೋದು ಹೊಳೆಯಲಿಲ್ಲ, ಹುಡುಗನೂ ಬಾಯಿ ಬಿಡಲಿಲ್ಲ. ತಲೆಯ ಸಿಟಿ ಸ್ಕ್ಯಾನ್ 4,500. ಮೂತ್ರದಲ್ಲಿ ಡ್ರಗ್ಸ್ ಟೆಸ್ಟ್ 2,800, ಅದರಲ್ಲಿ ಏನೂ ಸಿಗಲಿಲ್ಲ. ಐಸಿಯು ಹಾಸಿಗೆ, ಇಸಿಜಿ, ಮಾನಿಟರ್, ಡ್ರಿಪ್, ಕೈಗವಸಿಗೂ ದುಡ್ಡು. ಒಟ್ಟು 41,300. ಇನ್ಶೂರೆನ್ಸಿನವರು ಅಮಲು ಪದಾರ್ಥ ಸೇವನೆ ಅಂತ ಬರೆದು ಕ್ಲೈಮ್ ತಿರಸ್ಕರಿಸಿದ್ರು. ಅಡುಗೆಮನೆ ಡಬ್ಬಿಯ ಮಸಾಲೆ ಅಮಲು ಪದಾರ್ಥವಂತೆ!

ಶಿರಸಿ ತೋಟಿಗ
ಅಡಿಕೆ ತೋಟದ ಮಧ್ಯೆ ನಮ್ಮದು ಹಳೇ ಜಾಯಿಕಾಯಿ ಮರಗಳಿವೆ. ಅಜ್ಜಿ ಕಾಲದಿಂದಲೂ ಕಲ್ಲಿನ ಮೇಲೆ ತೇದು ಹಾಲಿಗೆ ಹಾಕ್ತೇವೆ, ಯಾರಿಗೂ ಹೀಗಾಗಿಲ್ಲ. ತಪ್ಪು ಪೇಟೆಯ ಪುಡಿಯದ್ದು. ಕಾಯಿ ಸರಿಯಾಗಿ ಒಣಗಿದರೆ ಚಿಪ್ಪಿನೊಳಗೆ ಗಲಗಲ ಅನ್ನಬೇಕು. ಅರ್ಧ ಒಣಗಿಸಿ ಬೂಸ್ಟು ಹಿಡಿದದ್ದನ್ನು ಪುಡಿ ಮಾಡಿ ಮಾರ್ತಾರೆ. ಬೂಸ್ಟಿನ ವಿಷ ಅದು. ತೋಟದಿಂದ ನೇರ ತಗೊಳ್ಳಿ.

ನೈಟ್ ಡ್ಯೂಟಿ ಅಕ್ಕ
ಬೂಸ್ಟು ಹಿಡಿದ ಕಾಯಿಯಲ್ಲಿ ಲಿವರ್ ಕೆಡಿಸೋ ವಿಷ ಇರಬಹುದು ತೋಟಿಗರೇ, ಅದು ನಿಜ. ಆದ್ರೆ ಅದರಿಂದ ಒಂದೇ ರಾತ್ರಿಗೆ ಎದೆ ಹೊಡ್ಕೊಂಡು ಭ್ರಮೆ ಬರಲ್ಲ. ತೇಯ್ದು ಹಾಕೋದು ಚಿಟಿಕೆಗೂ ಕಡಿಮೆ. ಚಮಚ ಬೇರೆ ಲೆಕ್ಕ. ಒಂದು ಕಾಯಿ ಐದಾರು ಗ್ರಾಂ ತೂಗುತ್ತೆ, ಸುಮಾರು ಅಲ್ಲಿಂದಲೇ ತೊಂದರೆ ಕಾಣಿಸ್ಕೊಳ್ಳುತ್ತೆ. ಟೀ ಚಮಚ ಮಟ್ಟಸವಾಗಿ ತುಂಬಿದ್ರೆ ಎರಡು ಗ್ರಾಂ ಚಿಲ್ಲರೆ, ಊಟದ ಚಮಚ ಅದರ ಮೂರರಷ್ಟು. ಅಪ್ಪ ಯಾವ ಚಮಚ ತಗೊಂಡ್ರು ಅಂತ ಡ್ಯೂಟಿ ಡಾಕ್ಟರಿಗೆ ಹೇಳಮ್ಮಾ, ಡಬ್ಬಿಯನ್ನೂ ತೋರಿಸು.

ನಮ್ಮ ವಾರ್ಡಿಗೆ ಒಬ್ಬ ಹೋಟೆಲ್ ಕೆಲಸದವರು ಬಂದಿದ್ರು. ಉಮ್ಮತ್ತಿ ತಿಂದಿದ್ದಾರೆ ಅಂತಲೇ ಮೊದಲು ಅಂದ್ಕೊಂಡ್ವಿ. ಬಾಯಿ ಒಣಗಿತ್ತು, ನಾಡಿ 130ರ ಮೇಲೆ, ಹಾಸಿಗೆ ಬಟ್ಟೆ ಎಳೀತಿದ್ರು. ಆದ್ರೆ ಕಣ್ಣಿನ ಪಾಪೆ ಉಮ್ಮತ್ತಿ ತಿಂದವರದ್ದಷ್ಟು ಅಗಲ ಆಗಿರಲಿಲ್ಲ. ಹೆಂಡತಿ ಬಂದು ಜಾಯಿಕಾಯಿ ಅಂದ ಮೇಲೆ ಗೊತ್ತಾಯ್ತು. ಇದಕ್ಕೆ ಪ್ರತಿಮದ್ದು ಅಂತ ಇಲ್ಲ. ಗಾಬರಿ ಇಳಿಸೋಕೆ ಇಂಜೆಕ್ಷನ್, ಡ್ರಿಪ್, ಮಾನಿಟರ್, ಅಷ್ಟೇ. ಅವರಿಗೆ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿತ್ತು, ಟ್ಯೂಬ್ ಹಾಕಬೇಕಾಯ್ತು. ವಯಸ್ಸಾದ ಗಂಡಸರಿಗೆ ಇದು ಬೇಗ ಆಗುತ್ತೆ, ಅಪ್ಪ ಮೂತ್ರ ಮಾಡಿದ್ರಾ ಅಂತ ಗಮನಿಸು. ಅವರು ಮಾರನೇ ದಿನ ಸರಿಯಾಗಿ ಮಾತಾಡಿದ್ರು, ಆದ್ರೂ ತಲೆ ಭಾರ, ನಡೆದ್ರೆ ತೂರಾಟ ಇನ್ನೂ ಒಂದು ದಿನ ಇತ್ತು. ಇನ್ನೊಂದು ರಾತ್ರಿ ಇರಿ ಅನ್ನೋದು ಇದಕ್ಕೇ.

ಕೆಂಗೇರಿ ತಂದೆ
ಆಸ್ಪತ್ರೆಯವರು ಆಸ್ಪತ್ರೆ ಪರ ಮಾತಾಡದೆ ಇನ್ನೇನು ಮಾಡ್ತಾರೆ! ಡ್ರಿಪ್ಪಿಗೂ ಮಾನಿಟರಿಗೂ 41,000 ಆಗುತ್ತಾ? ನನ್ನ ಮಗನಿಗೆ ಟ್ಯೂಬ್ ಹಾಕಿರಲಿಲ್ಲ, ಬಿಲ್ಲಿನಲ್ಲಿ ಮಾತ್ರ ಟ್ಯೂಬ್ ಇತ್ತು. ಜಗಳ ಆಡಿ ತೆಗೆಸಿದೆ. ಅಂದಹಾಗೆ ಇದು ಹೊಟ್ಟೆಯೊಳಗೇ ಡ್ರಗ್ ಆಗುತ್ತಂತೆ, ಜಾಯಿಕಾಯಿಯಲ್ಲಿರೋ ಮೈರಿಸ್ಟಿಸಿನ್ ಅನ್ನೋದು ಲಿವರಿನಲ್ಲಿ ಆಂಫೆಟಮಿನ್ ಥರ ಬದಲಾಗುತ್ತೆ ಅಂತ ಓದಿದೆ. ಹಾಗಿದ್ರೆ ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ? 2,800 ಸುಮ್ಮನೆ ಹೋಯ್ತು.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು
ಅದು ಅಮೆರಿಕದ ರಸಾಯನ ವಿಜ್ಞಾನಿ ಶುಲ್ಗಿನ್ 1960ರ ದಶಕದಲ್ಲಿ ಮುಂದಿಟ್ಟ ಊಹೆ. ಮೈರಿಸ್ಟಿಸಿನ್ ರಚನೆ ನೋಡಿದರೆ ಅದಕ್ಕೊಂದು ಸಾರಜನಕದ ಕೊಂಡಿ ಸೇರಿದರೆ ಸಾಕು, ಎಂಎಂಡಿಎ ಅನ್ನುವ ಭ್ರಮಾಕಾರಕ ಆಗಬಹುದು ಅನಿಸುತ್ತದೆ. ಕಾಗದದ ಮೇಲೆ ಸುಂದರವಾಗಿದೆ. ಆದರೆ ಜಾಯಿಕಾಯಿ ತಿಂದ ಮನುಷ್ಯರ ದೇಹದಲ್ಲಿ ಅದು ಹಾಗೆ ತಯಾರಾಗುತ್ತದೆ ಅಂತ ಸಾಬೀತಾಗಿಲ್ಲ. ಶುದ್ಧ ಮೈರಿಸ್ಟಿಸಿನ್ ಮಾತ್ರ ಕೊಟ್ಟಾಗ ಇಡೀ ಕಾಯಿಯಷ್ಟು ಪರಿಣಾಮ ಆಗಲಿಲ್ಲ ಅನ್ನುವುದೂ ಗೊತ್ತಿರುವ ವಿಷಯ. ಜೊತೆಗಿರುವ ಎಲೆಮಿಸಿನ್, ಸ್ಯಾಫ್ರೋಲ್ ಕೂಡ ಕೈ ಜೋಡಿಸುತ್ತವೆ. ನಿಮ್ಮ ಮಗನಿಗೆ ಮಾಡಿದ್ದು ಮಾಮೂಲಿ ಡ್ರಗ್ಸ್ ಪಟ್ಟಿಯ ಪರೀಕ್ಷೆ, ಆ ಪಟ್ಟಿಯಲ್ಲಿ ಜಾಯಿಕಾಯಿ ಇರುವುದಿಲ್ಲ. ಸಿಗದಿರುವುದೇ ಸಹಜ.

ಶಿರಸಿಯವರಿಗೆ ಒಂದು ಮಾತು. ಈ ವಸ್ತುಗಳೆಲ್ಲ ಇರುವುದು ಹಾರುವ ಎಣ್ಣೆಯಲ್ಲಿ. ಕಾಯಿಯ ತೂಕದಲ್ಲಿ ಆ ಎಣ್ಣೆ ನೂರಕ್ಕೆ 5ರಿಂದ 15ರವರೆಗೆ ಇರಬಹುದು. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಪುಡಿಯಲ್ಲಿ ಅದು ಹಾರಿ ಕಡಿಮೆಯಾಗಿರುತ್ತದೆ. ನಿಮ್ಮ ತೋಟದ ಹೊಸ ಕಾಯಿ ತೇದಾಗ ಮನೆ ತುಂಬ ಘಮ್ಮನ್ನುತ್ತದಲ್ಲ, ಅದೇ ಇದು. ಹಾಗಾಗಿ ಹೆಚ್ಚು ತಿಂದರೆ ನಿಮ್ಮದೇ ಹೆಚ್ಚು ಕೆಟ್ಟದ್ದು.

ಶಿರಸಿ ತೋಟಿಗ
ಮೇಷ್ಟ್ರೇ, ನಮ್ಮ ಮಾಲಿನ ಮೇಲೆ ಹೀಗೆ ಬರೆದು ಹೆಸರು ಕೆಡಿಸಬೇಡಿ. ಜಾಪತ್ರೆ ಬಿಡಿಸಿ ನೆರಳಲ್ಲಿ ಒಣಗಿಸೋಕೆ ಮಳೆಗಾಲದಲ್ಲಿ ನಾವು ಪಡುವ ಪಾಡು ನಿಮಗೇನು ಗೊತ್ತು? ಹೊಗೆ ಹಾಕಿದರೆ ಬಣ್ಣ ಕಪ್ಪು, ಹಾಕದಿದ್ದರೆ ಬೂಸ್ಟು, ವ್ಯಾಪಾರಿ ಎರಡಕ್ಕೂ ದರ ಇಳಿಸ್ತಾನೆ. ಎರಡು ಚಮಚ ತಿನ್ನಿ ಅಂತ ಬೆಳೆದವನು ಹೇಳಿದ್ನಾ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು
ಒಳ್ಳೆಯ ಮಾಲು ಅಂತಲೇ ನಾನು ಹೇಳಿದ್ದು.

ಮೈಸೂರು ಸೊಸೆ
ಜಾಯಿಕಾಯಿ ಅಂದ ತಕ್ಷಣ ಬಂದೆ. ನಮ್ಮತ್ತೆ ಕೂಸಿಗೆ ದಿನಾ ಬಜೆ, ಜಾಯಿಕಾಯಿ ತೇದು ನಾಲಿಗೆಗೆ ಸವರ್ತಾರೆ. ಎಷ್ಟು ಸುತ್ತು ತೇದ್ರಿ ಅಂತ ಕೇಳಿದ್ರೆ ನಿಮ್ಮ ಗಂಡನಿಗೂ ನಾನೇ ಹಾಕಿದ್ದು ಅಂತಾರೆ. ಈ ಪೋಸ್ಟ್ ಓದಿಸ್ತೀನಿ ಇವತ್ತು. ಕೂಸು ಹೆಚ್ಚು ಹೊತ್ತು ಮಲಗಿದ್ರೆ ನಂಗೆ ಜೀವ ಬಾಯಿಗೆ ಬರುತ್ತೆ.

ಶಿರಸಿ ತೋಟಿಗ
ಇನ್ನು ಅತ್ತೆಯಂದಿರೂ ವಿಷ ಹಾಕುವವರಾದ್ರು.

ನೈಟ್ ಡ್ಯೂಟಿ ಅಕ್ಕ
ಸೊಸೆಯವರೇ, ನಿಮ್ಮದು ಬೇರೆ ವಿಷಯ, ಮಕ್ಕಳ ಡಾಕ್ಟರನ್ನೇ ಕೇಳಿ. ಹಸುಗೂಸಿಗೆ ಎದೆಹಾಲು ಬಿಟ್ಟು ಏನೂ ಸವರಬೇಡಿ ಅಂತಲೇ ನಾವು ಹೇಳೋದು. ತೋಟಿಗರು ಬೈದ್ರೆ ಬೈಯಲಿ. ಕೆಂಗೇರಿಯವರೇ, ನಾನು ಸರ್ಕಾರಿ ಆಸ್ಪತ್ರೆಯವಳು, ನಿಮ್ಮ ಐಸಿಯು ಬಿಲ್ಲಿಗೂ ನನಗೂ ಸಂಬಂಧ ಇಲ್ಲ.

ಹಾಸನದ ಮಗಳು
ಎಲ್ಲರಿಗೂ ಧನ್ಯವಾದ. ಊಟದ ಚಮಚವೇ. ಮೊದಲು ಒಂದು ಹಾಕ್ಕೊಂಡ್ರಂತೆ, ನಿದ್ದೆ ಬರಲಿಲ್ಲ ಅಂತ ಗಂಟೆ ಬಿಟ್ಟು ಇನ್ನೊಂದು. ಅಕ್ಕ ಹೇಳಿದ ಮೇಲೆ ಕೇಳಿದ್ರೆ ಬೆಳಗ್ಗೆಯಿಂದ ಮೂತ್ರ ಮಾಡಿರಲಿಲ್ಲ, ಈಗ ಸಿಸ್ಟರ್ ನೋಡ್ತಿದ್ದಾರೆ. ನಾಡಿ 104ಕ್ಕೆ ಇಳಿದಿದೆ. ಇವತ್ತು ರಾತ್ರಿ ಇಲ್ಲೇ ಇರ್ತೀವಿ. ಬಿಪಿ ಮಾತ್ರೆ ಕೊಡಬೇಕಾ ಬೇಡವಾ ಅಂತ ಡಾಕ್ಟರ್ ಬಂದ ಮೇಲೆ ಹೇಳ್ತಾರಂತೆ.

ಕೆಂಗೇರಿ ತಂದೆ
ಟ್ಯೂಬ್ ಹಾಕಿದ್ರೆ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ ಬರ್ಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ನಿದ್ದೆಗಾಗಿ ಮನೆಮದ್ದು ತಗೊಂಡಿದ್ದು ಅಂತಲೇ ಬರೆಸಿ, ಇಲ್ಲದಿದ್ರೆ ಇನ್ಶೂರೆನ್ಸಿನವರು ನಿಮ್ಮಪ್ಪನನ್ನೂ ಅಮಲುಕೋರ ಮಾಡ್ತಾರೆ.