ಸಹಾಯ ಬೇಕು: ಒಂದೇ ಕೆಟಲ್‌ಬೆಲ್, ಪ್ರೆಸ್ ಯಾವಾಗ ಮಾಡ್ಲಿ?

ಸೋಮವಾರಪೇಟೆ ಹತ್ರ ನಮ್ಮನೆ. ಈ ಮಳೇಲಿ ಓಡೋಕೆ ಆಗಲ್ಲ ಅಂತ 12 ಕೆಜಿ ಕೆಟಲ್‌ಬೆಲ್ ತಗೊಂಡೆ. ಸೋಮ, ಬುಧ, ಶುಕ್ರ ಮಾಡ್ತೀನಿ: ಸ್ವಿಂಗ್ ಹತ್ತತ್ತರಂತೆ 5 ಸಲ, ಗಾಬ್ಲೆಟ್ ಸ್ಕ್ವಾಟ್ ಎಂಟೆಂಟರಂತೆ 3 ಸಲ, ಕೊನೆಗೆ ಪ್ರೆಸ್.

ಮೊದಲು ಸ್ವಿಂಗ್‌ಗೆ ಸೊಂಟ ಹಿಡಿಯೋದು. ಗೋಡೆಗೆ ಬೆನ್ನು ಮಾಡಿ ಒಂದಡಿ ದೂರ ನಿಂತು, ಮುಂದಕ್ಕೆ ಬಾಗಿ, ಕುಂಡಿ ಹಿಂದಕ್ಕೆ ತಳ್ಳಿ ಗೋಡೆ ಮುಟ್ಟೋದು ಅಭ್ಯಾಸ ಮಾಡಿದ ಮೇಲೆ ಸರಿಹೋಯ್ತು. ಸ್ಕ್ವಾಟ್ ತೊಂದರೆಯಿಲ್ಲ.

ಸಿಕ್ಕಿಹಾಕ್ಕೊಂಡಿರೋದು ಪ್ರೆಸ್‌ನಲ್ಲಿ. ಬಲಗೈ 5 ಎತ್ತುತ್ತೆ, ಎಡಗೈ 3ಕ್ಕೇ ಸುಸ್ತು. ನಾಲ್ಕನೇದಕ್ಕೆ ಬೆನ್ನು ಹಿಂದಕ್ಕೆ ಬಾಗುತ್ತೆ. ಬಲಗೈನೂ 3ಕ್ಕೇ ನಿಲ್ಲಿಸಿ ಎರಡು ವಾರ ನೋಡಿದೆ, ಎಡಗೈ ಅಲ್ಲೇ ಇದೆ. 8 ಕೆಜಿದು ಇನ್ನೊಂದು ತಗೊಳ್ಳೋಕೆ ಈಗ ದುಡ್ಡಿಲ್ಲ.

ಅದೇ ದಿನ ಸ್ವಿಂಗ್‌ಗಿಂತ ಮೊದಲೇ ಪ್ರೆಸ್ ಮುಗಿಸ್ಲಾ, ಇಲ್ಲ ಮಂಗಳವಾರ, ಶನಿವಾರಕ್ಕೆ ಬೇರೆ ಇಡ್ಲಾ?